ಗಲ್ಫ್‌ನಿಂದ ಚಿನ್ನ ತರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯವರು ದುಬೈ, ಕುವೈತ್, ದಮ್ಮಾಮಿನಿಂದ ಊರಿಗೆ ಹೊರಡುವ ಮುಂಚೆ ಕೇಳುವ ಪ್ರಶ್ನೆಗಳು ಇವು. ಮದುವೆ ಸೀಸನ್ ಬಂದರೆ ಇನ್ನೂ ಜಾಸ್ತಿ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಸುಂಕದ ದರವನ್ನು ಸರ್ಕಾರ ಯಾವಾಗ ಬೇಕಾದರೂ ಬದಲಿಸಬಹುದು. ನೀವು ವಿಮಾನ ಇಳಿದು ಘೋಷಣೆ ಮಾಡುವ ದಿನ ಯಾವ ದರ ಇದೆಯೋ ಅದೇ ನಿಮಗೆ ಅನ್ವಯ. ಹಾಗಾಗಿ ಹೊರಡುವ ವಾರ ದರವನ್ನು ಒಮ್ಮೆ ನೋಡಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ಹೆಂಗಸರು ಐದು ಪವನ್ ಫ್ರೀಯಾಗಿ ತರಬಹುದು ಅಂತಾರೆ. ಅದು ಎಲ್ಲರಿಗೂ ಉಂಟಾ?

ಎಲ್ಲರಿಗೂ ಇಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ವಾಸವಿದ್ದು ಬರುವವರಿಗೆ ಮಾತ್ರ. ಹೆಂಗಸರಿಗೆ 40 ಗ್ರಾಂ, ಅಂದರೆ ಐದು ಪವನ್. ಗಂಡಸರಿಗೆ 20 ಗ್ರಾಂ, ಎರಡೂವರೆ ಪವನ್. ಅದೂ ಆಭರಣ ಮಾತ್ರ. ಇಷ್ಟಕ್ಕೆ ಸುಂಕ ಇಲ್ಲ.

ಹದಿನೈದು ದಿನ ದುಬೈ ನೋಡಲು ಹೋಗಿ, ಮಗಳ ಮನೆಯಲ್ಲಿದ್ದು, ಬರುವಾಗ ಗೋಲ್ಡ್ ಸೂಕ್‌ನಲ್ಲಿ ಬಳೆ ಕೊಂಡ ಅಮ್ಮನಿಗೆ ಈ ರಿಯಾಯಿತಿ ಸಿಗುವುದಿಲ್ಲ. ತುಂಬಾ ಮನೆಗಳಲ್ಲಿ ಎಡವುವುದು ಇಲ್ಲೇ. ಮಗಳಿಗೆ ಅನ್ವಯಿಸುವ ನಿಯಮ ತನಗೂ ಅನ್ವಯಿಸುತ್ತದೆ ಅಂತ ಅಮ್ಮ ನಂಬಿರುತ್ತಾರೆ.

ಒಂದು ಲಕ್ಷ ರೂಪಾಯಿ ಮಿತಿ ಇತ್ತಲ್ವಾ? ಈಗ ಗ್ರಾಂ ಲೆಕ್ಕವೋ, ರೂಪಾಯಿ ಲೆಕ್ಕವೋ?

ಈಗ ಗ್ರಾಂ ಲೆಕ್ಕ. 2016ರ ಲಗೇಜ್ ನಿಯಮಗಳಲ್ಲಿ ತೂಕದ ಜೊತೆಗೆ ಬೆಲೆಯ ಮಿತಿಯೂ ಇತ್ತು. ಹೆಂಗಸರಿಗೆ 1 ಲಕ್ಷ ರೂಪಾಯಿ, ಗಂಡಸರಿಗೆ 50 ಸಾವಿರ. ಆ ವರ್ಷ ಒಂದು ಲಕ್ಷಕ್ಕೆ 30 ಗ್ರಾಂ ಮೇಲೆ ಬರುತ್ತಿತ್ತು. ಆಮೇಲೆ ಚಿನ್ನದ ರೇಟು ಏರುತ್ತಲೇ ಹೋಯಿತು, ಮಿತಿ ಇದ್ದಲ್ಲೇ ಇತ್ತು. ಕೊನೆಗೆ ಕಾಗದದ ಮೇಲೆ 40 ಗ್ರಾಂ ಎಂದಿದ್ದರೂ ಕೈಗೆ ಸಿಗುತ್ತಿದ್ದದ್ದು ಅದರ ಸಣ್ಣ ಪಾಲು ಮಾತ್ರ. 2026ರ ಫೆಬ್ರವರಿಯಲ್ಲಿ ಬಂದ ಹೊಸ ನಿಯಮಗಳಲ್ಲಿ ಬೆಲೆಯ ಮಿತಿ ತೆಗೆದರು, ತೂಕ ಮಾತ್ರ ಉಳಿಯಿತು. ಹಳೆಯ ಲೆಕ್ಕ ಹೇಳುವ ವಾಟ್ಸಾಪ್ ಸಂದೇಶ ಈಗಲೂ ಓಡಾಡುತ್ತಿದೆ. ಅದನ್ನು ನಂಬಿ ಗಾಬರಿಯಾಗಬೇಡಿ.

ನಾನು ಹೋಗಿ ಎಂಟು ತಿಂಗಳಾಯ್ತು. ಏನೂ ತರುವ ಹಾಗಿಲ್ವಾ?

ತರಬಹುದು, ಆದರೆ ಸುಂಕ ಕಟ್ಟಿ. ಇಲ್ಲಿ ಎರಡು ಬೇರೆ ಬೇರೆ ನಿಯಮಗಳಿವೆ. ಜನ ಅವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಸುಂಕವೇ ಇಲ್ಲದೆ ತರಲು ಒಂದು ವರ್ಷ ದಾಟಿರಬೇಕು. ಕಡಿಮೆ ದರದ ಸುಂಕ ಕಟ್ಟಿ ತರಲು ಆರು ತಿಂಗಳು ಹೊರಗಿದ್ದರೆ ಸಾಕು. ಭಾರತದ ಪಾಸ್‌ಪೋರ್ಟ್ ಇರುವವರು ಅಥವಾ ಭಾರತ ಮೂಲದವರು ಹೀಗೆ ಒಬ್ಬರು 1 ಕಿಲೋವರೆಗೆ ತರಬಹುದು.

ಆ ಆರು ತಿಂಗಳ ನಡುವೆ ಊರಿಗೆ ಬಂದು ಹೋಗಿದ್ದರೆ, ಬಂದ ದಿನಗಳು ಒಟ್ಟು 30 ಮೀರಿರಬಾರದು. ಆ ಭೇಟಿಗಳಲ್ಲಿ ಇದೇ ರಿಯಾಯಿತಿ ಪಡೆದಿರಲೂ ಬಾರದು. ಕೌಂಟರಿನಲ್ಲಿ ಪಾಸ್‌ಪೋರ್ಟಿನ ಮುದ್ರೆಗಳನ್ನು ತಿರುವಿ ನೋಡಿ ಇದನ್ನು ಲೆಕ್ಕ ಹಾಕುತ್ತಾರೆ. ವರ್ಷಕ್ಕೆ ಎರಡು ಮೂರು ಸಲ ಬಂದು ಹೋಗುವವರು ಮನೆಯಲ್ಲೇ ಈ ಲೆಕ್ಕ ಮಾಡಿಕೊಂಡು ಹೊರಡಿ. ಸಂಶಯ ಉಳಿದರೆ ಕೌಂಟರಿಗೇ ಹೋಗಿ ಕೇಳಿ. ಅಲ್ಲಿಯ ವಾಸದ ವೀಸಾ, ಗುರುತಿನ ಕಾರ್ಡು ಕೈಯಲ್ಲಿರಲಿ.

ಬಿಸ್ಕೆಟ್, ಕಾಯಿನ್ ತಂದರೂ 40 ಗ್ರಾಂ ಫ್ರೀಯಾ?

ಇಲ್ಲ. ಸುಂಕವಿಲ್ಲದ ಮಿತಿ ಆಭರಣಕ್ಕೆ ಮಾತ್ರ. ಬಿಸ್ಕೆಟ್ ಅಥವಾ ನಾಣ್ಯ ಒಂದು ಗ್ರಾಂ ಇದ್ದರೂ ಸುಂಕ ಉಂಟು. ಮಜೂರಿ ಉಳಿಯುತ್ತದೆ ಅಂತ ಕಾಯಿನ್ ಕೊಳ್ಳುವವರು ಈ ಸುಂಕವನ್ನೂ ಸೇರಿಸಿ ನೋಡಬೇಕು. ಎಷ್ಟೋ ಸಲ ಸಾದಾ ಬಳೆಯೇ ಅಗ್ಗವಾಗುತ್ತದೆ.

ಮೈಮೇಲೆ ಹಾಕಿಕೊಂಡೇ ಬಂದರೆ ಎಂತ ಮಾಡ್ತಾರೆ?

ತೂಗುತ್ತಾರೆ. ಕುತ್ತಿಗೆಯಲ್ಲಿ ಇದ್ದರೂ ಒಂದೇ, ಪೆಟ್ಟಿಗೆಯಲ್ಲಿ ಇದ್ದರೂ ಒಂದೇ, ಹೊಸದಾಗಿ ಕೊಂಡು ತಂದ ಆಭರಣಕ್ಕೆ ಮಿತಿಯ ಲೆಕ್ಕ ಬದಲಾಗುವುದಿಲ್ಲ. ದಿನಾ ಹಾಕುವ ಹಳೆಯ ಒಡವೆಯ ವಿಷಯ ಸ್ವಲ್ಪ ಬೇರೆ. ಅದನ್ನು ಮುಂದೆ ಕರಿಮಣಿಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

## ಬಜ್ಪೆಯಲ್ಲಿ ಇಳಿದ ಮೇಲೆ

ಡಿಕ್ಲೇರ್ ಮಾಡಿ ಅಂತಾರೆ. ಎಲ್ಲಿ, ಹೇಗೆ ಮಾಡುವುದು?

ಇಮಿಗ್ರೇಶನ್ ಮುಗಿಸಿ, ಬೆಲ್ಟಿನಿಂದ ಲಗೇಜ್ ತೆಗೆದುಕೊಂಡ ಮೇಲೆ ಎರಡು ದಾರಿ ಸಿಗುತ್ತವೆ. ಹಸಿರು ದಾರಿ ಸುಂಕ ಕಟ್ಟುವಂಥದ್ದು ಏನೂ ಇಲ್ಲದವರಿಗೆ. ಕೆಂಪು ದಾರಿ ಇದ್ದವರಿಗೆ. ಮಿತಿ ಮೀರಿದ ಚಿನ್ನ ಇಟ್ಟುಕೊಂಡು ಹಸಿರು ದಾರಿಗೆ ಕಾಲಿಟ್ಟರೆ, ಬಾಯಿಬಿಟ್ಟು ಏನೂ ಹೇಳದಿದ್ದರೂ, 'ನನ್ನ ಹತ್ತಿರ ಏನೂ ಇಲ್ಲ' ಎಂದು ಘೋಷಿಸಿದ ಹಾಗೆಯೇ ಆಯಿತು. 'ಕೇಳಿದ್ದರೆ ಹೇಳುತ್ತಿದ್ದೆ' ಎಂಬ ಮಾತು ಆಮೇಲೆ ನಡೆಯುವುದಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಹೇಳುವ ಹೊಣೆ ಪ್ರಯಾಣಿಕರದ್ದು.

ಕಸ್ಟಮ್ಸ್ ಇಲಾಖೆಯ 'ಅತಿಥಿ' ಆ್ಯಪ್‌ನಲ್ಲಿ ವಿಮಾನ ಹತ್ತುವ ಮುಂಚೆಯೇ ಘೋಷಣೆ ತುಂಬಬಹುದು. ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ದಾರಿ ತಪ್ಪಿ ಹಸಿರು ಕಡೆ ಹೆಜ್ಜೆ ಇಟ್ಟರೂ, ಮುಚ್ಚಿಡುವ ಉದ್ದೇಶ ಇರಲಿಲ್ಲ ಎಂದು ತೋರಿಸಲು ಕೈಯಲ್ಲಿ ಒಂದು ದಾಖಲೆ ಇರುತ್ತದೆ.

ಇನ್ನೊಂದು ಮಾತು. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇಳಿದು ದೇಶದೊಳಗಿನ ವಿಮಾನದಲ್ಲಿ ಮಂಗಳೂರಿಗೆ ಬರುವವರ ಕಸ್ಟಮ್ಸ್ ಸಾಮಾನ್ಯವಾಗಿ ಆ ಮೊದಲ ಊರಿನಲ್ಲೇ ಆಗುತ್ತದೆ. ಸುಂಕ ಕಟ್ಟುವುದಿದ್ದರೆ ಎರಡು ವಿಮಾನಗಳ ನಡುವೆ ಸಾಕಷ್ಟು ಸಮಯ ಇಟ್ಟುಕೊಂಡು ಟಿಕೆಟ್ ಮಾಡಿ.

ಮೂರು ವರ್ಷದಿಂದ ಶಾರ್ಜಾದಲ್ಲಿದ್ದೇನೆ. ತಂಗಿಯ ಮದುವೆಗೆ ಒಂಬತ್ತು ಪವನ್ ತರ್ತಿದ್ದೇನೆ. ಎಷ್ಟು ಕಟ್ಟಬೇಕು?

ಕೇಳಿದವರು ಉಡುಪಿ ಕಡೆಯ ಹೆಣ್ಣುಮಗಳು. ಆರು ಪವನಿನ ಬಳೆಗಳು, ಮೂರು ಪವನಿನ ಒಂದು ಸರ, ಎಲ್ಲವೂ 22 ಕ್ಯಾರೆಟ್, ಕಲ್ಲಿಲ್ಲದ ಸಾದಾ ಚಿನ್ನ. ಒಟ್ಟು 72 ಗ್ರಾಂ. ಮೂರು ವರ್ಷದಿಂದ ಅಲ್ಲಿಯೇ ಇರುವುದರಿಂದ ಅವರಿಗೆ 40 ಗ್ರಾಂ ಬಿಟ್ಟಿ. ಉಳಿದದ್ದು 32 ಗ್ರಾಂ. ಸುಂಕ ಈ 32 ಗ್ರಾಮಿಗೆ ಮಾತ್ರ.

ದರ ಎಷ್ಟು? 2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳಿಯಿತು. ಇಲ್ಲಿ ಆ ಶೇ 6ನ್ನೇ ಹಿಡಿಯೋಣ. ಲೆಕ್ಕ ಸುಲಭವಾಗಲಿ ಅಂತ ಗ್ರಾಮಿಗೆ 10,000 ರೂಪಾಯಿ ಇಟ್ಟುಕೊಳ್ಳೋಣ. 32 ಗ್ರಾಮಿನ ಬೆಲೆ 3,20,000 ರೂಪಾಯಿ. ಅದರ ಶೇ 6 ಅಂದರೆ 19,200 ರೂಪಾಯಿ. ಏಳು ಲಕ್ಷ ಇಪ್ಪತ್ತು ಸಾವಿರದ ಒಡವೆಗೆ ಕಟ್ಟುವುದು ಇಷ್ಟೇ. ಹಳೆಯ ಬೆಲೆ ಮಿತಿ ಇದ್ದಿದ್ದರೆ ಇದೇ ರೇಟಿನಲ್ಲಿ 10 ಗ್ರಾಂ ಮಾತ್ರ ಬಿಟ್ಟು, 62 ಗ್ರಾಮಿಗೆ 37,200 ಕಟ್ಟಬೇಕಿತ್ತು.

ದುಡ್ಡು ಕೊಡುವ ಬಗೆಯಲ್ಲಿ ಒಂದು ಷರತ್ತಿದೆ. ಈ ಕಡಿಮೆ ದರದ ಸುಂಕವನ್ನು ವಿದೇಶಿ ಕರೆನ್ಸಿಯಲ್ಲಿ ಕಟ್ಟಬೇಕು. ಕೊನೆಯ ದಿನ ಉಳಿದ ದಿರ್ಹಮನ್ನೆಲ್ಲ ಚಾಕೊಲೇಟು, ಹಾಲಿನ ಪುಡಿಗೆ ಖರ್ಚು ಮಾಡಿ, ಪರ್ಸಿನಲ್ಲಿ ಬರೀ ರೂಪಾಯಿ ಇಟ್ಟುಕೊಂಡು ಬಂದು ಕೌಂಟರಿನಲ್ಲಿ ಪೇಚಾಡುವವರು ಉಂಟು. ಮೊದಲೇ ಲೆಕ್ಕ ಹಾಕಿ, ರೇಟು ಏರುಪೇರಾದರೂ ಸಾಲುವಷ್ಟು ದಿರ್ಹಂ ಬೇರೆ ಕವರಿನಲ್ಲಿ ಇಟ್ಟುಬಿಡಿ. ಕಟ್ಟಿದ ಮೇಲೆ ರಶೀದಿ ಕೇಳಿ ಪಡೆಯಿರಿ. ಅದರಲ್ಲಿ ತೂಕ ಮತ್ತು ನಿಮ್ಮ ಹೆಸರು ಸರಿ ಇದೆಯಾ ಅಂತ ಅಲ್ಲೇ ನಿಂತು ನೋಡಿ.

ಹರಳಿನ ಸೆಟ್ಟಿಗೂ ಇದೇ ದರವಾ?

ಅಲ್ಲ. ಕಡಿಮೆ ದರದ ಸುಂಕ ಕಲ್ಲು, ಮುತ್ತು ಕೂರಿಸಿದ ಆಭರಣಕ್ಕೆ ಸಿಗುವುದಿಲ್ಲ. ಅದಕ್ಕೆ ಲಗೇಜಿನ ಮಾಮೂಲಿ ದರ. ಬಹಳ ವರ್ಷ ಅದು ಶೇ 38.5 ಇತ್ತು. ಆರು ತಿಂಗಳೂ ತುಂಬದೆ ಬರುವವರಿಗೂ ಕಡಿಮೆ ದರ ಇಲ್ಲ. ಮದುವೆಗೆ ಮಿತಿ ಮೀರಿ ತರುವುದೇ ಆದರೆ ಸಾದಾ ಚಿನ್ನ ತನ್ನಿ, ಹರಳಿನ ಸೆಟ್ಟನ್ನು ಇಲ್ಲೇ ಕೊಳ್ಳಿ ಎಂಬುದು ನನ್ನ ಸಲಹೆ.

ನನ್ನ ಹತ್ತಿರ 55 ಗ್ರಾಂ, ಗಂಡನ ಹತ್ತಿರ 5 ಗ್ರಾಂ. ಇಬ್ಬರದ್ದು ಸೇರಿ 60 ಆಯ್ತಲ್ವಾ?

ಹಾಗೆ ಕೂಡಿಸಲು ಬರುವುದಿಲ್ಲ. ಮಿತಿ ಒಬ್ಬೊಬ್ಬರಿಗೆ ಬೇರೆ ಬೇರೆ. ನಿಮ್ಮ 55ರಲ್ಲಿ 15 ಗ್ರಾಮಿಗೆ ಸುಂಕ ಬೀಳುತ್ತದೆ, ಗಂಡನ ಹೆಸರಿನಲ್ಲಿ ಉಳಿದ 15 ಗ್ರಾಂ ಹಾಗೇ ಹೋಗುತ್ತದೆ. ಗಂಡನೂ ಒಡವೆ ಕೊಳ್ಳುವುದಿದ್ದರೆ ಅಂಗಡಿಯಲ್ಲೇ ಅವರ ಹೆಸರಿಗೆ ಬೇರೆ ಬಿಲ್ ಮಾಡಿಸಿ, ಅದು ಅವರ ಲಗೇಜಿನಲ್ಲೇ ಬರಲಿ.

## ಬಿಲ್ಲಿನ ವಿಷಯ

ತೂಗಿ ಸುಂಕ ಹಾಕ್ತಾರಲ್ಲ, ಮತ್ತೆ ಬಿಲ್ ಯಾಕೆ?

ತಕ್ಕಡಿಗೆ ಗೊತ್ತಾಗುವುದು ತೂಕ ಮಾತ್ರ. ಒಡವೆ ಯಾರದ್ದು, ಯಾವಾಗ ಕೊಂಡದ್ದು, ಎಷ್ಟು ಕ್ಯಾರೆಟ್, ಕಲ್ಲಿನ ತೂಕ ಎಷ್ಟು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಬಿಲ್ ಇಲ್ಲದಿದ್ದರೆ ಇವಿಷ್ಟನ್ನೂ ಬೇರೆಯವರು ನಿರ್ಧರಿಸುತ್ತಾರೆ. ಶುದ್ಧತೆಯನ್ನು ಇಲಾಖೆಯ ಮೌಲ್ಯಮಾಪಕರು ಪರೀಕ್ಷಿಸಬೇಕು. ಅವರು ಬರುವವರೆಗೆ ಕಾಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 'ಇದು ನಿಮ್ಮದೇ ಅಂತ ಹೇಗೆ ನಂಬುವುದು?' ಎಂಬ ಪ್ರಶ್ನೆಗೆ ಬಾಯಿಮಾತು ಬಿಟ್ಟರೆ ನಿಮ್ಮ ಹತ್ತಿರ ಬೇರೇನೂ ಇರುವುದಿಲ್ಲ.

ಒಳ್ಳೆಯ ಬಿಲ್ಲನ್ನು ನೋಡಿದ ಕೂಡಲೇ ಗುರುತಿಸಬಹುದು. ಮೇಲ್ಗಡೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ನಿಮ್ಮ ಹೆಸರು. ಮನೆಯ ಅಡ್ಡಹೆಸರು ಬೇಡ. ಪ್ರತಿ ಒಡವೆಗೆ ಒಂದೊಂದು ಸಾಲು: ಬಳೆ ನಾಲ್ಕು, 22 ಕ್ಯಾರೆಟ್, ಒಟ್ಟು ತೂಕ ಇಷ್ಟು, ಕಲ್ಲು ಕಳೆದು ಚಿನ್ನದ ತೂಕ ಇಷ್ಟು, ಆ ದಿನದ ರೇಟು, ಮಜೂರಿ, ತೆರಿಗೆ. 'ಗೋಲ್ಡ್ ಆರ್ನಮೆಂಟ್ಸ್, 72 ಗ್ರಾಂ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ ಬಿಲ್ ಕೊಟ್ಟರೆ ವಾಪಸ್ ಕೊಟ್ಟು ವಿವರ ಬರೆಸಿ. ಕಾರ್ಡಿನಲ್ಲಿ ಹಣ ಕೊಟ್ಟರೆ ಆ ಚೀಟಿಯನ್ನೂ ಜೊತೆಗೆ ಪಿನ್ ಮಾಡಿ. ಹೆಸರು, ತಾರೀಕು ಎರಡಕ್ಕೂ ಅದು ಇನ್ನೊಂದು ಸಾಕ್ಷಿ.

ಗಲ್ಫಿನ ಎಷ್ಟೋ ಅಂಗಡಿಗಳ ಬಿಲ್ ನುಣುಪಾದ ಥರ್ಮಲ್ ಕಾಗದದ್ದು. ಬಿಸಿಲು, ಬೆವರು ತಾಗಿದರೆ ವರ್ಷದೊಳಗೆ ಅಕ್ಷರ ಮಾಸಿ ಬಿಳಿ ಕಾಗದ ಉಳಿಯುತ್ತದೆ. ಕೊಂಡ ದಿನವೇ ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ, ಒಂದು ಝೆರಾಕ್ಸ್ ಮಾಡಿ ಇಡಿ. ಮೂಲ ಬಿಲ್ ಕೈಚೀಲದಲ್ಲಿರಲಿ, ಚೆಕ್-ಇನ್ ಪೆಟ್ಟಿಗೆಯಲ್ಲಿ ಅಲ್ಲ. ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೆ ಬಿಲ್ಲೂ ತಡವಾಗುತ್ತದೆ.

ಬಿಲ್ಲಲ್ಲಿ ಕಡಿಮೆ ಬರೆಸಿಕೊಂಡರೆ ಸುಂಕ ಉಳಿಯುತ್ತಾ?

ಉಳಿಯುವುದಿಲ್ಲ. ಚಿನ್ನಕ್ಕೆ ಸುಂಕ ಹಾಕಲು ಸರ್ಕಾರವೇ 10 ಗ್ರಾಮಿಗೆ ಇಷ್ಟು ಡಾಲರ್ ಅಂತ ಬೆಲೆ ಪ್ರಕಟಿಸುತ್ತದೆ. ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಅದು ಬದಲಾಗುತ್ತದೆ. ಕಡಿಮೆ ದರದ ಸುಂಕಕ್ಕೆ ಲೆಕ್ಕ ಹಿಡಿಯುವುದು ಆ ಬೆಲೆಯನ್ನು. ತೂಕ ಹೇಗೂ ಎದುರಿಗೇ ನೋಡುತ್ತಾರೆ. ಸುಳ್ಳು ಬಿಲ್ಲಿನಿಂದ ಒಂದು ರೂಪಾಯಿಯೂ ಉಳಿಯದೆ, ಸರಿಯಾದ ಘೋಷಣೆಯ ಮೇಲೂ ಅನುಮಾನ ಹುಟ್ಟುತ್ತದೆ. ಮುಂದೆ ಮಾರುವಾಗಲೂ ಕೊಂಡ ಬೆಲೆ ಕಡಿಮೆ ಅಂತ ತೋರಿ, ಲಾಭ ಜಾಸ್ತಿ ಕಂಡು ತೆರಿಗೆ ಏರುತ್ತದೆ.

## ಸ್ವಲ್ಪ ಸೂಕ್ಷ್ಮದ ಪ್ರಶ್ನೆಗಳು

ಊರಿನಿಂದಲೇ ಹಾಕಿಕೊಂಡು ಹೋದ ಕರಿಮಣಿ, ಬಳೆಗೂ ವಾಪಸ್ ಬರುವಾಗ ಸುಂಕವಾ?

ಸುಂಕ ಇಲ್ಲ, ಆದರೆ ಊರಿನದ್ದೇ ಅಂತ ತೋರಿಸಬೇಕಾದ ಸಂದರ್ಭ ಬರಬಹುದು. ಅದಕ್ಕೆ ಹೊರಡುವ ದಿನವೇ ವ್ಯವಸ್ಥೆ ಇದೆ. ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಯಾವ ಒಡವೆ, ಎಷ್ಟು ತೂಕ ಅಂತ ಅದರಲ್ಲಿ ನಮೂದಾಗುತ್ತದೆ. ಬರುವಾಗ ಆ ಕಾಗದ ತೋರಿಸಿದರೆ ಚರ್ಚೆಯೇ ಇಲ್ಲ. ಮುಂಚೆಯೇ ಪರಿಚಯದ ಆಭರಣ ಅಂಗಡಿಯಲ್ಲಿ ತೂಕ, ಕ್ಯಾರೆಟ್ ಬರೆದ ಮೌಲ್ಯದ ಪತ್ರ ಮಾಡಿಸಿಟ್ಟುಕೊಂಡರೆ ಅಲ್ಲಿ ಕೆಲಸ ಬೇಗ ಆಗುತ್ತದೆ. ಆ ದಿನ ಮಾಮೂಲಿಗಿಂತ ಒಂದು ಗಂಟೆ ಮುಂಚೆ ಹೋಗಿ.

ತೆಳು ಕರಿಮಣಿ, ಒಂದು ಜೊತೆ ಓಲೆಗೆ ಯಾರೂ ಇಷ್ಟು ಮಾಡುವುದಿಲ್ಲ, ಬೇಕಾಗುವುದೂ ಇಲ್ಲ. ಮದುವೆಗೆ ಹಾಕಿದ ಹತ್ತು ಹದಿನೈದು ಪವನ್ ತೆಗೆದುಕೊಂಡು ಹೊರಡುವ ಮದುಮಗಳು ಮಾತ್ರ ಖಂಡಿತ ಮಾಡಿಸಲೇಬೇಕು. ಆ ದಿನ ಮರೆತಿದ್ದರೆ ಊರಿನ ಅಂಗಡಿಯ ಹಳೆ ಬಿಲ್, ಅದೇ ಒಡವೆ ಹಾಕಿದ ಮದುವೆ ಫೋಟೋ ಸ್ವಲ್ಪ ಮಟ್ಟಿಗೆ ಆಧಾರ ಆಗುತ್ತವೆ.

ರಜೆಗೆ ಮಾತ್ರ ಬರ್ತಿದ್ದೇನೆ. ಒಡವೆ ವಾಪಸ್ ತಗೊಂಡು ಹೋಗ್ತೇನೆ. ಆದರೂ ಕಟ್ಟಬೇಕಾ?

ಊರಿನಲ್ಲಿ ಹಾಕಿಕೊಳ್ಳುವ ಅಗತ್ಯ ಇಲ್ಲದಿದ್ದರೆ ಕಟ್ಟಬೇಕಾಗಿಲ್ಲ. ನಿಜ ಘೋಷಣೆ ಮಾಡಿದವರು, ಕಾಯ್ದೆಯ 80ನೇ ಸೆಕ್ಷನ್ ಅಡಿ, ಒಡವೆಯನ್ನು ಕಸ್ಟಮ್ಸ್‌ನಲ್ಲೇ ಇರಿಸಿ ವಾಪಸ್ ಹೋಗುವಾಗ ಪಡೆಯಲು ಕೇಳಿಕೊಳ್ಳಬಹುದು. ಒಡವೆಯನ್ನು ತೂಗಿ, ಸೀಲ್ ಮಾಡಿ, ರಶೀದಿ ಕೊಡುತ್ತಾರೆ. ಆ ರಶೀದಿ ಕಳೆದರೆ ಕಷ್ಟ. ಹೋಗುವ ದಿನ ಬೇಗ ಹೋಗಬೇಕು, ಅದೇ ಏರ್‌ಪೋರ್ಟಿನಿಂದ ಹೊರಡುವುದು ಒಳ್ಳೆಯದು. ಗಮನಿಸಿ, ಈ ಅನುಕೂಲ ಇರುವುದು ಹೇಳಿದವರಿಗೆ. ಹಸಿರು ದಾರಿಯಲ್ಲಿ ಸಿಕ್ಕಿಬಿದ್ದ ಮೇಲೆ ಕೇಳಲು ಬರುವುದಿಲ್ಲ.

ರೂಮ್‌ಮೇಟ್ ಒಂದು ಸರ ಕೊಟ್ಟಿದ್ದಾನೆ, ಊರಲ್ಲಿ ಅವನ ಅಣ್ಣ ಬಂದು ತಗೊಳ್ತಾನಂತೆ. ತರಬಹುದಾ?

ಬೇಡ. ರಿಯಾಯಿತಿ ಎಲ್ಲ ನಿಮ್ಮ ಸ್ವಂತ ಲಗೇಜಿಗೆ. ತಂಗಿಗೆ ನೀವು ಕೊಂಡು ತರುವ ಉಡುಗೊರೆ ನಿಮ್ಮದೇ. ಇನ್ನೊಬ್ಬರ ಚಿನ್ನವನ್ನು ಹೊತ್ತು ತಂದು ಕೊಡುವುದು ನಿಮ್ಮದಲ್ಲ. ಅದರ ಬಿಲ್ ಅವನ ಹೆಸರಿನಲ್ಲಿರುತ್ತದೆ ಅಥವಾ ಇರುವುದೇ ಇಲ್ಲ. ಕೇಳಿದಾಗ ನಿಜ ಹೇಳಿದರೆ ರಿಯಾಯಿತಿ ಹೋಯಿತು, ಸುಳ್ಳು ಹೇಳಿದರೆ ಕೇಸು ನಿಮ್ಮ ಪಾಸ್‌ಪೋರ್ಟಿನ ಮೇಲೆ. ಟಿಕೆಟ್ ಮಾಡಿಸಿಕೊಡುತ್ತೇವೆ, ಮೇಲೆ ಖರ್ಚಿಗೂ ಕೊಡುತ್ತೇವೆ ಅಂತ ಪೊಟ್ಟಣ ಕೊಡುವವರಂತೂ ಸಾಗಾಣಿಕೆಯ ದಂಧೆಯವರು. ಹೊಸದಾಗಿ ಹೋದ ಹುಡುಗರನ್ನು ಅವರು ಇದಕ್ಕೆ ಹುಡುಕುತ್ತಾರೆ. ಮನೆಯವರು ಫೋನಿನಲ್ಲಿ ಇದನ್ನು ಬಿಡಿಸಿ ಹೇಳಿಬಿಡಿ.

ಹೇಳದೆ ಬಂದೆ, ಹಿಡಿದು ಚಿನ್ನ ತೆಗೆದಿಟ್ಟುಕೊಂಡರು. ಇನ್ನು ಸಿಗುವುದೇ ಇಲ್ವಾ?

ಮೇಲಿನ ಒಂಬತ್ತು ಪವನನ್ನೇ ಇಲ್ಲಿ ಇಟ್ಟು ನೋಡಿ. 19,200 ಕಟ್ಟಿ ಮುಗಿಯುತ್ತಿದ್ದ ವಿಷಯ ಈಗ ಪೂರ್ತಿ 72 ಗ್ರಾಮಿನ ಮುಟ್ಟುಗೋಲಿಗೆ ಬರಬಹುದು. ಬಿಡಿಸಿಕೊಳ್ಳಲು ಅವಕಾಶ ಕೊಟ್ಟರೆ ಸುಂಕದ ಜೊತೆ ಬಿಡುಗಡೆ ದಂಡ, ಅದರ ಮೇಲೆ ಪೆನಾಲ್ಟಿ ಬೇರೆ.

ಮೊದಲ ಕೆಲಸ, ತೆಗೆದಿಟ್ಟುಕೊಂಡದ್ದಕ್ಕೆ ರಶೀದಿ ಪಡೆಯುವುದು. ಒಡವೆ ಒಂದೊಂದನ್ನೂ ಹೆಸರಿಸಿ ತೂಕ ಬರೆದಿರಬೇಕು. ಆಮೇಲೆ ನಿಮಗೆ ನೋಟಿಸ್ ಕೊಟ್ಟು, ನಿಮ್ಮ ಮಾತು ಕೇಳಿಯೇ ಅವರು ಆದೇಶ ಮಾಡಬೇಕು. ಚಿನ್ನ ವಶಕ್ಕೆ ಪಡೆದ ಆರು ತಿಂಗಳೊಳಗೆ ನೋಟಿಸ್ ಬರಬೇಕು. ಕಾರಣ ಬರೆದು ಇನ್ನೂ ಆರು ತಿಂಗಳು ವಿಸ್ತರಿಸಲು ಅವಕಾಶವಿದೆ. ಅವಧಿ ಮುಗಿದರೂ ನೋಟಿಸ್ ಇಲ್ಲದಿದ್ದರೆ ವಸ್ತು ವಾಪಸ್ ಕೇಳುವ ಹಕ್ಕು ನಿಮ್ಮದು.

ಇಲ್ಲಿ ಒಂದು ಎಚ್ಚರಿಕೆ ಬೇಕು. 'ನನಗೆ ನೋಟಿಸ್ ಬೇಡ, ವಿಚಾರಣೆ ಬೇಡ' ಎಂದು ಮೊದಲೇ ಅಚ್ಚಾಗಿರುವ ಕಾಗದ ಸಹಿಗೆ ಬರಬಹುದು. ರಾತ್ರಿ ನಿದ್ದೆಗೆಟ್ಟು ಇಳಿದವರು, ಹೊರಗೆ ಮನೆಯವರು ಕಾಯುತ್ತಿದ್ದಾರೆ ಅಂತ ಓದದೆ ಸಹಿ ಹಾಕಿಬಿಡುತ್ತಾರೆ. ಪೂರ್ತಿ ಓದಿ. ಅರ್ಥವಾಗದಿದ್ದರೆ ಓದಿ ಹೇಳಿ ಅಂತ ಕೇಳಿ. ಆದೇಶ ವಿರುದ್ಧ ಬಂದರೆ ಕೈಗೆ ಸಿಕ್ಕಿದ 60 ದಿನದೊಳಗೆ ಕಮಿಷನರ್ ಅಪೀಲ್ಸ್ ಮುಂದೆ ಹೋಗಬಹುದು. ಆಗ ವಕೀಲರು ಮೊದಲು ಕೇಳುವ ಕಾಗದವೂ ಬಿಲ್ಲೇ.

ಮನೆಗೆ ಬಂದಾಯ್ತು. ಇನ್ನು ಬಿಲ್ ಬಿಸಾಡಬಹುದಲ್ವಾ?

ಬೇಡ. ಒಡವೆ ಇರುವವರೆಗೂ ಬಿಲ್ ಇರಲಿ, ಸುಂಕದ ರಶೀದಿಯೂ ಅದರ ಜೊತೆಗೇ ಇರಲಿ. ನಮ್ಮ ದೇಶದ ಅಂಗಡಿಯಲ್ಲಿ ಮಾರುವ ಆಭರಣದ ಮೇಲೆ 2023ರ ಏಪ್ರಿಲ್‌ನಿಂದ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಕಡ್ಡಾಯ. ಗಲ್ಫಿನ ಬಳೆಯ ಮೇಲೆ 916 ಎಂದಿರುತ್ತದೆ, ಈ ಸಂಖ್ಯೆ ಇರುವುದಿಲ್ಲ. ಉಡುಪಿಯಲ್ಲಿ ಅದನ್ನು ಬದಲಿಸಿ ಹೊಸದು ಕೊಳ್ಳಲು ಹೋದರೆ ಎಲ್ಲಿಯದ್ದು ಅಂತ ಕೇಳುತ್ತಾರೆ. ಬಿಲ್ ತೋರಿಸಿದರೆ ಮಾತು ಸುಲಭ.

ಮಾರಿದರೆ ಆದಾಯ ತೆರಿಗೆಯ ಲೆಕ್ಕ ಬರುತ್ತದೆ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದ ಚಿನ್ನದ ಲಾಭಕ್ಕೆ ಈಗ ಶೇ 12.5 ತೆರಿಗೆ. ಲಾಭ ಅಂದರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದದ್ದು. ಕೊಂಡ ಬೆಲೆ ಎಷ್ಟು, ಕೊಂಡು ಎಷ್ಟು ಸಮಯ ಆಯಿತು ಎಂಬ ಎರಡಕ್ಕೂ ಉತ್ತರ ಆ ಬಿಲ್ಲಿನಲ್ಲಿದೆ.

ಆದಾಯ ತೆರಿಗೆಯವರ ಶೋಧದ ಬಗ್ಗೆಯೂ ಕೇಳುತ್ತಾರೆ. 1994ರ ಸೂಚನೆಯೊಂದರ ಪ್ರಕಾರ ಮದುವೆಯಾದ ಹೆಂಗಸಿನ 500 ಗ್ರಾಂ, ಮದುವೆಯಾಗದ ಹೆಣ್ಣುಮಗಳ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಆಭರಣವನ್ನು ಶೋಧದ ವೇಳೆ ವಶಪಡಿಸಿಕೊಳ್ಳುವುದಿಲ್ಲ. ಇದಕ್ಕೂ ಏರ್‌ಪೋರ್ಟಿನ 40 ಗ್ರಾಮಿಗೂ ಸಂಬಂಧ ಇಲ್ಲ. '500 ಗ್ರಾಂವರೆಗೆ ಕೇಳುವುದಿಲ್ಲ' ಅಂತ ಯಾರಾದರೂ ಹೇಳಿದ್ದನ್ನು ನಂಬಿ ವಿಮಾನ ಹತ್ತಬೇಡಿ. ಆ 500 ಗ್ರಾಮಿಗಿಂತ ಮೇಲಿನ ಚಿನ್ನ ಮನೆಯಲ್ಲಿದ್ದರೆ ಅದು ಎಲ್ಲಿಂದ ಬಂತು ಎಂದು ತೋರಿಸಲು ಬೇಕಾಗುವುದು ಅಂಗಡಿಯ ಬಿಲ್ ಮತ್ತು ಕಸ್ಟಮ್ಸ್ ರಶೀದಿ. ಎರಡನ್ನೂ ಒಂದೇ ಕವರಿನಲ್ಲಿ ಹಾಕಿ, ಯಾವ ಒಡವೆಯದ್ದು ಅಂತ ಮೇಲೆ ಬರೆದು, ಲಾಕರಿನಲ್ಲಿ ಆ ಒಡವೆಯ ಪೆಟ್ಟಿಗೆಯ ಜೊತೆಗೇ ಇಡಿ.